ಸಹಾಯ ಬೇಕು: ಮೊದಲು ಕಂಡ ನಡೆಗೇ ಅಂಟಿಕೊಳ್ಳುವ ಮಕ್ಕಳಿಗೆ ಅಭ್ಯಾಸ ಯಾವುದು?

ನಮಸ್ಕಾರ. ಮೈಸೂರಿನ ಕುವೆಂಪುನಗರದಲ್ಲಿ ಮಕ್ಕಳಿಗೆ ಚೆಸ್ ಕಲಿಸುತ್ತಿದ್ದೇವೆ. ಈ ಸ್ಥಿತಿ ನೋಡಿ:

```
1.e4 e5 2.Nf3 Nc6 3.Bc4 Nd4 4.Nxe5 Qg5
```

ಬಿಳಿಯ ಸರದಿ. 5.Nxf7 ಆಡಿದರೆ ಕುದುರೆ ರಾಣಿ, ಆನೆ ಎರಡನ್ನೂ ಹೊಡೆಯುತ್ತದೆ, ಹಾಗಾಗಿ ಮಕ್ಕಳ ಯೋಚನೆ ಅಲ್ಲಿಗೇ ನಿಲ್ಲುತ್ತದೆ. ಎದುರಾಳಿ 5...Qxg2 ಎಂದು ಆನೆಯ ಮೇಲೆ ಬರುತ್ತಾನೆ. 6.Rf1 Qxe4+ 7.Be2 Nf3 ಆದರೆ ಮೇಟ್! e2 ಬಿಷಪ್ ಪಿನ್ ಆಗಿರುವುದರಿಂದ ಕುದುರೆಯನ್ನು ಹೊಡೆಯಲಾಗದು.

ಆಯ್ಕೆಗಳನ್ನು ಮೊದಲೇ ಪಟ್ಟಿ ಮಾಡಿದ್ದರೆ 5.Bxf7+ ಕಣ್ಣಿಗೆ ಬೀಳುತ್ತಿತ್ತು. ಬಿಷಪ್‌ಗೆ e5 ಕುದುರೆಯ ಕಾವಲಿರುವುದರಿಂದ ರಾಜ ಹೊಡೆಯುವಂತಿಲ್ಲ, ಕ್ಯಾಸ್ಲಿಂಗ್ ಹಕ್ಕೂ ಹೋಗುತ್ತದೆ. 5...Ke7 6.0-0 Qxe5 ಆದಾಗ ಬಿಳಿ ಕುದುರೆ ಕಳೆದುಕೊಂಡರೂ ಎರಡು ಪೇದೆ ಗಳಿಸಿರುತ್ತದೆ. (ನಿಜ ಹೇಳಬೇಕೆಂದರೆ 4.Nxd4 ಆಡಿದ್ದರೆ ಈ ಗೊಡವೆಯೇ ಇರುತ್ತಿರಲಿಲ್ಲ.)

ಮೂರು ಆಯ್ಕೆ ಬರೆದು, ಪ್ರತಿಯೊಂದಕ್ಕೂ ಎದುರಾಳಿಯ ಚೆಕ್, ಹೊಡೆತ, ಬೆದರಿಕೆ ನೋಡಿ ಎನ್ನುತ್ತೇವೆ. ಆದರೂ ಮೊದಲನೆಯದನ್ನು ಆಳಕ್ಕೆ ಲೆಕ್ಕಹಾಕಿ, ಉಳಿದೆರಡನ್ನು ಹೆಸರಿಗೆ ಬರೆಯುತ್ತಾರೆ. ಹಾಗಾಗದಂತೆ ಏನು ಮಾಡುತ್ತೀರಿ? ಎದುರಾಳಿಯ ಕಡೆಯಿಂದಲೇ ಬಿಡಿಸುವ ಪಜಲ್ ಯಾರ ಬಳಿಯಾದರೂ ಇದ್ದರೆ ಕಳಿಸಿ. ಮಂಡ್ಯದ ಕೋಚ್‌ಗಳೂ ಹೇಳಿ.