ಅತಿಥಿಯ ಮೊಬೈಲ್ ಆಫ್ ಆಗಿತ್ತು, ಬೀಗಕ್ಕೆ ಪವರ್ ಬ್ಯಾಂಕ್ ಕೊಟ್ಟರೂ ಬಾಗಿಲು ತೆರೆಯಲಿಲ್ಲ

ಮಾದಾಪುರ_ತೋಟ: ನಮ್ಮ ಹೋಂಸ್ಟೇ ಬಾಗಿಲಿಗೆ ಬ್ಲೂಟೂತ್ ಬೀಗ ಹಾಕಿಸಿದ್ದೇವೆ. ಅತಿಥಿಗಳು ಮೊಬೈಲ್ ಆ್ಯಪ್‌ನಿಂದ ತೆರೆಯುತ್ತಾರೆ. ಕಳೆದ ವಾರದ ಮಳೆಗೆ ಕರೆಂಟ್ ಇರಲಿಲ್ಲ, ರಾತ್ರಿ ಬಂದವರ ಮೊಬೈಲ್ ಆಫ್ ಆಗಿತ್ತು. ಬೀಗದ ಕೆಳಗಿನ ಯುಎಸ್‌ಬಿ ಕಿಂಡಿಗೆ ಪವರ್ ಬ್ಯಾಂಕ್ ಸಿಕ್ಕಿಸಿದರು. ದೀಪ ಹೊತ್ತಿತು, ಬಾಗಿಲು ತೆರೆಯಲಿಲ್ಲ. ಎರಡು ದಿನಕ್ಕೆಂದು ಮೊದಲೇ ಬರೆದುಕೊಟ್ಟಿದ್ದ ಸಂಖ್ಯೆಯನ್ನು ಒತ್ತಿದರೆ ತಪ್ಪು ಎಂದಿತು. ಬೀಗ ಕೆಟ್ಟಿದೆಯೇ?

ವಿರಾಜಪೇಟೆ_ರೇಡಿಯೋ: ಐಫೋನ್ ಆಗಿದ್ದರೆ ಈ ತೊಂದರೆಯೇ ಇಲ್ಲ. ಚಾರ್ಜ್ ಮುಗಿದ ಮೇಲೂ ಐದು ಗಂಟೆಯವರೆಗೆ ಬಾಗಿಲು ತೆರೆಯಬಹುದು.

ಬೀಗದ_ಕೆಲಸ: ಅದು ಎಲ್ಲ ಬೀಗಕ್ಕೂ ಅನ್ವಯಿಸುವುದಿಲ್ಲ ಸರ್. ಐಫೋನಿನ ವಾಲೆಟ್ ಆ್ಯಪ್‌ನಲ್ಲಿ ಡಿಜಿಟಲ್ ಕೀಲಿಯನ್ನು ಇಟ್ಟುಕೊಂಡು, ಮೊಬೈಲನ್ನು ಬೀಗಕ್ಕೆ ತಾಗಿಸಿ ತೆರೆಯುವ ವ್ಯವಸ್ಥೆಗೆ ಮಾತ್ರ ಆ ಸೌಲಭ್ಯ. ಕೈಯಾರೆ ಸ್ವಿಚ್ ಆಫ್ ಮಾಡಿದ್ದರೆ ಅದೂ ಸಿಗುವುದಿಲ್ಲ. ಬ್ಲೂಟೂತ್ ಆ್ಯಪ್ ನಡೆಯಲು ಮೊಬೈಲ್ ಎಚ್ಚರವಾಗಿರಲೇಬೇಕು.

ಮಾದಾಪುರದವರೇ, ಯುಎಸ್‌ಬಿ ಕಿಂಡಿ ಇರುವುದು ಬೀಗದ ಸೆಲ್ ಮುಗಿದಾಗ ಬೀಗಕ್ಕೆ ಜೀವ ಕೊಡಲು. ಯಾರು ಬಂದಿದ್ದಾರೆ ಎಂಬುದನ್ನು ಅದು ಗುರುತಿಸುವುದಿಲ್ಲ. ಆ ಪವರ್ ಬ್ಯಾಂಕನ್ನು ಮೊಬೈಲಿಗೇ ಹಾಕಿ ಸ್ವಲ್ಪ ಹೊತ್ತು ಕಾದಿದ್ದರೆ ಸಾಕಿತ್ತು. ನನಗೆ ಅನುಮಾನ ಇರುವುದು ಆ ಸಂಖ್ಯೆಯ ಮೇಲೆ. ಇತ್ತೀಚೆಗೆ ಸೆಲ್ ಬದಲಿಸಿದ್ದೀರಾ?

ಕುಶಾಲನಗರ_ಅಮ್ಮ: ನಮ್ಮ ಬೀಗದಲ್ಲಿಯೂ ಹೀಗೇ ಆಗಿತ್ತು. ಮಳೆಗಾಲದ ತೇವಕ್ಕೆ ಸೆಲ್ಲಿನ ತುದಿಗೆ ಹಸಿರು ಹಿಡಿದಿತ್ತು. ಒರೆಸಿದ ಮೇಲೆ ಸರಿಹೋಯಿತು.

ಮಾದಾಪುರ_ತೋಟ: ಅಕ್ಕಾ, ನಮ್ಮ ಬೀಗದ ಸೆಲ್ ಚೆನ್ನಾಗಿಯೇ ಇದೆ, ಗುಂಡಿ ಒತ್ತಿದರೆ ದೀಪ ಬರುತ್ತದೆ. ಹೌದು ಸರ್, ಮಳೆಗಾಲಕ್ಕೆ ಮೊದಲು ನಾಲ್ಕೂ ಸೆಲ್ ಬದಲಿಸಿದ್ದೆವು.

ಬೀಗದ_ಕೆಲಸ: ಹಾಗಾದರೆ ಗಡಿಯಾರ ನೋಡಿ. ಅವಧಿ ಇರುವ ಸಂಖ್ಯೆಯನ್ನು ಇಂಥ ಬೀಗಗಳು ಇಂಟರ್ನೆಟ್ ಇಲ್ಲದೆ, ತಮ್ಮೊಳಗಿನ ಗಡಿಯಾರಕ್ಕೆ ಹೋಲಿಸಿ ಒಪ್ಪುತ್ತವೆ. ಸೆಲ್ ತೆಗೆದಾಗ ಕೆಲವು ಬೀಗಗಳಲ್ಲಿ ಗಡಿಯಾರ ತಪ್ಪುತ್ತದೆ. ಆಗ ಇಂದಿನ ಸಂಖ್ಯೆ ಅದಕ್ಕೆ ಇನ್ನೂ ಬಾರದ ದಿನದ್ದು.

ಪರೀಕ್ಷೆ ಸುಲಭ. ನಿಮ್ಮ ಕಾಯಂ ಸಂಖ್ಯೆಯನ್ನು ಒತ್ತಿ. ಅದು ತೆರೆದು, ಅವಧಿಯ ಸಂಖ್ಯೆ ಮಾತ್ರ ಸೋತರೆ ತಪ್ಪು ಸಮಯದ್ದೇ. ಬಾಗಿಲ ಬಳಿ ನಿಂತು, ಬ್ಲೂಟೂತ್ ಹಾಕಿ, ಆ್ಯಪ್‌ನ ಬೀಗದ ಸೆಟ್ಟಿಂಗ್‌ನಲ್ಲಿ ಸಮಯ ಸರಿಪಡಿಸಿ. ಮನೆಯಲ್ಲಿ ಕುಳಿತು ಮಾಡಿದರೆ ಬೀಗಕ್ಕೆ ತಲುಪುವುದಿಲ್ಲ.

ಮಾದಾಪುರ_ತೋಟ: ಕಾಯಂ ಸಂಖ್ಯೆ ತಕ್ಷಣ ತೆರೆಯಿತು, ಅವಧಿಯದು ಸೋತಿತು. ಸಮಯ ಸರಿಪಡಿಸಿ ಹೊಸ ಸಂಖ್ಯೆ ಮಾಡಿದೆ, ಈಗ ತೆರೆಯುತ್ತಿದೆ. ಇನ್ನು ಸೆಲ್ ಬದಲಿಸಿದ ದಿನವೇ ಇದನ್ನು ನೋಡುತ್ತೇವೆ.

ವಿರಾಜಪೇಟೆ_ರೇಡಿಯೋ: ಸಿಗ್ನಲ್ ಇಲ್ಲದ ಕಡೆ ಮೊಬೈಲ್ ಟವರ್ ಹುಡುಕುತ್ತಲೇ ಚಾರ್ಜ್ ಕಳೆದುಕೊಳ್ಳುತ್ತದೆ. ದಾರಿಯಲ್ಲಿ ಏರ್‌ಪ್ಲೇನ್ ಮೋಡ್ ಹಾಕಿಕೊಂಡು, ಬಾಗಿಲ ಬಳಿ ಬ್ಲೂಟೂತ್ ಮಾತ್ರ ಹಾಕಲು ಅತಿಥಿಗಳಿಗೆ ಹೇಳಿ.

ಬೀಗದ_ಕೆಲಸ: ಒಳ್ಳೆಯ ಸಲಹೆ. ಆದರೆ ಅವಧಿಯ ಕೀಲಿಯನ್ನು ಮೊದಲ ಬಾರಿಗೆ ಪಡೆಯಲು ಆ್ಯಪ್‌ಗೆ ನೆಟ್ ಬೇಕಾಗಬಹುದು, ಅದನ್ನು ಮಡಿಕೇರಿಯಲ್ಲೇ ಮುಗಿಸಿಕೊಳ್ಳಲಿ. ಬೀಗದ ಮುಚ್ಚಳದ ಹಿಂದೆ ಲೋಹದ ಕೀಲಿಯ ರಂಧ್ರವೂ ಇರಬೇಕು. ಆ ಕೀಲಿ ಎಲ್ಲಿದೆ?

ಮಾದಾಪುರ_ತೋಟ: ಬೀರುವಿನಲ್ಲಿದೆ, ಅದೂ ಆ ಮನೆಯೊಳಗೇ. ಒಂದನ್ನು ಲೈನ್ ಮನೆಯಲ್ಲಿರುವ ಮೇಸ್ತ್ರಿಯ ಕೈಗೆ ಕೊಡುತ್ತೇನೆ. ಅದರ ನಕಲು ಕೀಲಿಯನ್ನು ಮಡಿಕೇರಿಯಲ್ಲಿ ಯಾರಾದರೂ ಮಾಡಿಕೊಡುತ್ತಾರೆಯೇ? ಅದರ ಹಲ್ಲು ಎರಡೂ ಬದಿಗಿದೆ.