ಎ ಮೇಜರ್ ಹಾಡಲ್ಲಿ ಜಿ ಕಾರ್ಡ್ ಬಂದ ಕೂಡಲೇ ಸೋಲೋ ಕೆಡುತ್ತೆ, ಅನುಭವ ಇದ್ದವರು ಹೇಳಿ

ಹೊಸಬೆರಳು: ಗಿಟಾರ್ ಹಿಡಿದು 2 ವರ್ಷ ಆಯಿತು. ಹಾಡು ಎ ಮೇಜರ್. ವರ್ಸ್‌ನಲ್ಲಿ ಎ, ಜಿ, ಡಿ, ಮತ್ತೆ ಎ, ಒಂದೊಂದು ಬಾರ್. ಕೋರಸ್‌ನಲ್ಲಿ ಎ, ಡಿ, ಇ. ರಿದಂ ಚೆನ್ನಾಗಿದೆ. ವರ್ಸ್ ಮೇಲೆ ಎ ಮೇಜರ್ ಸ್ಕೇಲ್‌ನಲ್ಲಿ ಸೋಲೋ ಹೊಡೆದರೆ ಜಿ ಬಂದಾಗ ಮಾತ್ರ ಅಪಸ್ವರ. ಇಡೀ ಸ್ಕೇಲ್ ಬದಲಿಸಬೇಕಾ, ಆ ಒಂದು ಬಾರ್‌ಗೆ ಮಾತ್ರವಾ? ನೀವೆಲ್ಲ ಏನು ಮಾಡಿದ್ರಿ?

ಹಳೇಆಂಪ್: ನನ್ನ ಕಥೆ ಹೇಳುತ್ತೇನೆ, ಸ್ವಲ್ಪ ಉದ್ದ ಇದೆ. ನಮ್ಮದು ಇ ಮೇಜರ್‌ನಲ್ಲಿದ್ದ ಹಾಡು. ಇ, ಡಿ, ಎ, ಇ. ಡಿ ಬಂದಾಗಲೆಲ್ಲ ಏನೋ ಕೊರೆದ ಹಾಗೆ. ನಾನು ಗಿಟಾರನ್ನೇ ಅನುಮಾನಿಸಿದೆ. ತಂತಿ ಬದಲಿಸಿದೆ. ಆರೂ ಸ್ಯಾಡಲ್ ಹಿಂದೆ ಮುಂದೆ ಮಾಡಿ ಇಂಟೊನೇಷನ್ ಸರಿ ಮಾಡಿದೆ. ಮತ್ತೆ ತಂತಿ ಬದಲಿಸಿದೆ. 3 ವಾರ ಹೋಯಿತು. ರೆಕಾರ್ಡಿಂಗ್‌ಗೆ ಕೂತರೆ 41 ಟೇಕ್, ಒಂದೂ ಉಳಿಯಲಿಲ್ಲ.

ಕೊನೆಗೆ ಒಂದೊಂದೇ ಟ್ರ್ಯಾಕ್ ಮ್ಯೂಟ್ ಮಾಡುತ್ತಾ ಬಂದೆವು. ಕಳ್ಳ ಸಿಕ್ಕಿದ್ದು ಕೀಬೋರ್ಡ್‌ನಲ್ಲಿ. ನಮ್ಮವನು ಹಿಂದೆ ಮೆತ್ತಗೆ ಒಂದು ಪ್ಯಾಡ್ ಒತ್ತಿ ಹಿಡಿದಿದ್ದ, ಇ ಮೇಜರ್ ಸೆವೆನ್. ಇಡೀ ವರ್ಸ್ ಕೈ ಎತ್ತಿಲ್ಲ. ಅದರೊಳಗೆ ಡಿ ಶಾರ್ಪ್ ಇದೆ. ನಾನು ಬಾರಿಸುವ ಡಿ ಕಾರ್ಡಿನ ಬುಡದಲ್ಲೇ ಸಾದಾ ಡಿ. ಎರಡೂ ಒಟ್ಟಿಗೆ 4 ಬೀಟ್ ಉಜ್ಜಾಡುತ್ತಿದ್ದವು. ಗಿಟಾರ್ ಟ್ಯೂನ್ ತಪ್ಪಿದ್ದರೆ ಎಲ್ಲ ಕಾರ್ಡಿನಲ್ಲೂ ಕೇಳಬೇಕಿತ್ತು. ಡಿಯಲ್ಲಿ ಮಾತ್ರ ಕೇಳಿ ಎ ಬಂದಾಗ ಮಾಯವಾಗುತ್ತಿತ್ತು. ಅಷ್ಟು ಸಣ್ಣ ವಿಷಯ ಹೊಳೆಯಲಿಲ್ಲವಲ್ಲ ಅಂತ ಈಗಲೂ ಹೊಟ್ಟೆ ಉರಿಯುತ್ತೆ.

ಕಥೆ ಅಲ್ಲಿಗೆ ಮುಗಿಯಲಿಲ್ಲ. ರೋಷದಲ್ಲಿ ಇಡೀ ಹಾಡಿಗೆ ಮಿಕ್ಸೊಲಿಡಿಯನ್, ಅಂದರೆ ಏಳನೇ ಸ್ವರ ಅರ್ಧ ಇಳಿಸಿದ ಮೇಜರ್ ಸ್ಕೇಲ್, ಅಂತ ತೀರ್ಮಾನ ಮಾಡಿಬಿಟ್ಟೆ. ವರ್ಸ್ ಬೆಣ್ಣೆಯ ಹಾಗೆ ಹೋಯಿತು. ಕೋರಸ್‌ನಲ್ಲಿ ಬಿ ಮೇಜರ್ ಬಂತು, ಅದಕ್ಕೆ ಡಿ ಶಾರ್ಪ್ ಬೇಕು. ನಾನು ಸಾದಾ ಡಿ ಎಳೆದೆಳೆದು ನುಡಿಸಿದೆ. ಬ್ಲೂಸ್ ಥರ ಕೇಳಿತು, ಆದರೆ ನಮಗೆ ಬೇಕಿದ್ದ ಹಾಡು ಅದಲ್ಲ. ಈಗ ನಾನು ಇ ಮೇಜರ್‌ನಲ್ಲೇ ಇರುತ್ತೇನೆ. ಡಿ ಕಾರ್ಡ್ ಬಂದಾಗ ಎರಡನೇ ತಂತಿಯಲ್ಲಿ 4ನೇ ಫ್ರೆಟ್ ಬಿಟ್ಟು 3ಕ್ಕೆ ಇಳಿಯುತ್ತೇನೆ. ಅಷ್ಟೇ. ಬದಲಾಗುವುದು ಒಂದೇ ಸ್ವರ.

ತುಕ್ಕುತಂತಿ: ಇಷ್ಟೆಲ್ಲ ಯಾಕ್ರೀ? ಎ ಮೈನರ್ ಪೆಂಟಾಟೋನಿಕ್ ಹೊಡೀರಿ. ಎ, ಸಿ, ಡಿ, ಇ, ಜಿ. ಜಿ ಕಾರ್ಡ್ ಜೊತೆ ಜಗಳ ಆಡುವ ಎ ಮೇಜರ್‌ನ ಜಿ ಶಾರ್ಪ್ ಇದರಲ್ಲಿ ಇಲ್ಲವೇ ಇಲ್ಲ, ಅಪಸ್ವರ ಎಲ್ಲಿಂದ ಬರುತ್ತೆ? ಜಿ ಕಾರ್ಡ್ ಬಂದಿರುವುದೇ ಮೈನರ್‌ನಿಂದ ತಾನೇ, ಸೋಲೋನೂ ಅಲ್ಲಿಂದಲೇ ತನ್ನಿ. ನಾನು 11 ವರ್ಷದಿಂದ ಒಂದೇ ಬಾಕ್ಸ್, 5ನೇ ಫ್ರೆಟ್. ಮೋಡ್ ಕಲಿಯಲು ಹೋಗಿ ಒಂದು ವರ್ಷ ಹಾಳು ಮಾಡಿಕೊಂಡವನು ನಾನು. ದಿನಾ ಒಂದು ಗಂಟೆ ಏಳು ಮೋಡ್ ಮೇಲಿಂದ ಕೆಳಗೆ ಓಡಿಸಿ, ಸ್ಟೇಜ್ ಮೇಲೆ ಹೋದರೆ ಯಾವುದೂ ನೆನಪಿಗೆ ಬರಲಿಲ್ಲ. ಸುಮ್ನೆ ಕಿವಿ ನಂಬಿ.

ಹಳೇಆಂಪ್: ಗಟ್ಟಿ ಡಿಸ್ಟೋರ್ಷನ್ ಇದ್ದು ಹಾಡು ಓಡುತ್ತಿದ್ದರೆ ನಡೆಯುತ್ತೆ, ಒಪ್ಪಿದೆ. ಇದನ್ನೇ ನಿಧಾನದ ಹಾಡಿನಲ್ಲಿ, ಕ್ಲೀನ್ ಟೋನ್‌ನಲ್ಲಿ ಮಾಡಿ ನೋಡಿ. ಎ ಕಾರ್ಡ್ ಮೇಲೆ ಸಿ ಹಿಡಿದು ನಿಂತರೆ ಕಾರ್ಡಿನ ಸಿ ಶಾರ್ಪ್ ಜೊತೆ ಜಗಳ. ನೀವು ಜಿ ಬಾರ್‌ನ ತೊಂದರೆ ತೆಗೆದು ಎ ಬಾರ್‌ಗೆ ಹಾಕಿದಿರಿ.

ತುಕ್ಕುತಂತಿ: ಸಿ ಮೇಲೆ ನಿಲ್ಲಬೇಡಿ, ಕಾಲು ಸ್ವರದಷ್ಟು ತಂತಿ ಬೆಂಡ್ ಮಾಡಿ. ರಾಕ್ ಹುಟ್ಟಿದ್ದೇ ಆ ಬೆಂಡ್‌ನಲ್ಲಿ. 41 ಟೇಕ್ ತೆಗೆದುಕೊಂಡವರಿಂದ ಪಾಠ ಬೇಡ.

ಶಾಂತಿಪ್ರಿಯ: ಫ್ಲ್ಯಾಟ್ ಸೆವೆನ್ ನನಗೂ ತುಂಬಾ ಕಾಟ ಕೊಟ್ಟಿದೆ. ಎ ಬದಲು ಎ ಸೆವೆನ್ ಹಿಡಿಯಿರಿ, ಸರಿಹೋಗುತ್ತೆ. ನಾನು ಅದನ್ನು ಬಾರ್ ಕಾರ್ಡ್ ಆಗಿ ಹಿಡಿಯಲು ಹೋಗಿ ತೋರುಬೆರಳು ನೋವು ಬಂದು 6 ವಾರ ಗಿಟಾರ್ ಮುಟ್ಟಲಿಲ್ಲ. ಈಗ ಓಪನ್ ಎ ಸೆವೆನ್, ಎರಡೇ ಬೆರಳು. ನೋವಿಲ್ಲ.

ಮಂದ್ರಬೇಸ್: ಸ್ವಾಮಿ, ಅವರು ಕೇಳಿದ್ದು ಸೆವೆಂತ್ ಕಾರ್ಡ್ ಅಲ್ಲ, ಏಳನೇ ಸ್ವರವನ್ನು ಅರ್ಧ ಇಳಿಸಿ ಅದರ ಮೇಲೆ ಕಟ್ಟಿದ ಮೇಜರ್ ಕಾರ್ಡ್. ಎ ಸೆವೆನ್ ಒಳಗೆ ಜಿ ಇದೆ ನಿಜ, ಕಿವಿಗೆ ಆ ಜಿಯ ದಾರಿ ತೋರಿಸುತ್ತೆ. ಆದರೆ ಅದನ್ನು ಹಿಡಿದ ಮಾತ್ರಕ್ಕೆ ಇವರ ಸೋಲೋ ರಿಪೇರಿ ಆಗಲ್ಲ.

ಬೇಸ್ ಕಡೆಯಿಂದ ಒಂದು ಮಾತು. ಈ ತೊಂದರೆ ಗೊತ್ತಾದ ಮೇಲೆ ನಮ್ಮ ಗಿಟಾರಿಸ್ಟ್ ಜಿ ಶಾರ್ಪನ್ನೇ ನಿಷೇಧ ಮಾಡಿದ. ನಾನು ಎಯಿಂದ ಜಿಗೆ ಇಳಿಯುವಾಗ ಕೊನೆಯ ಅರ್ಧ ಬೀಟ್‌ನಲ್ಲಿ ಜಿ ಶಾರ್ಪ್ ಮುಟ್ಟಿ ಇಳಿಯುತ್ತಿದ್ದೆ. ಎ, ಜಿ ಶಾರ್ಪ್, ಜಿ. ಆ ಮೆಟ್ಟಿಲು ನನ್ನ ಹೆಮ್ಮೆ. ಅವನು ಬೇಡ ಅಂದ, 2 ತಿಂಗಳು ಮಾತಿಲ್ಲ. ಒಂದು ದಿನ ಬೇಕಂತಲೇ ಎರಡೂ ಥರ ರೆಕಾರ್ಡ್ ಮಾಡಿ ಕೇಳಿಸಿದೆ. ಜಿ ಶಾರ್ಪ್ ಬಾರಿನ ತುದಿಯಲ್ಲಿ ಬಂದು ಕೂಡಲೇ ಜಿಗೆ ಇಳಿದರೆ ಜಾರುಬಂಡೆ ಥರ ಚೆನ್ನಾಗಿದೆ. ಅದೇ ಸ್ವರ ಜಿ ಬಾರಿನ ಮೊದಲ ಬೀಟ್ ಮೇಲೆ ಕೂತರೆ ಮೈ ಜುಮ್ಮೆನ್ನುತ್ತೆ. ತಪ್ಪು ಸ್ವರದ್ದಲ್ಲ, ಅದು ಎಲ್ಲಿ ಎಷ್ಟು ಹೊತ್ತು ಕೂರುತ್ತೆ ಅನ್ನುವುದರದ್ದು. ಅವನು ಇನ್ನೂ ಒಪ್ಪಿಲ್ಲ.

ನಾಲ್ಕನೇಬೀಟ್: ಎಲ್ಲರೂ ಒಂದು ಪ್ರಶ್ನೆ ಬಿಟ್ಟಿದ್ದೀರಿ. ಆ ವರ್ಸ್ ನಿಜಕ್ಕೂ ಎಯಲ್ಲಿ ಇದೆಯಾ? ಎ, ಜಿ, ಡಿ ಮೂರೂ ಡಿ ಮೇಜರ್‌ನ ಸ್ವಂತ ಕಾರ್ಡುಗಳು. ಐದು, ನಾಲ್ಕು, ಒಂದು. ಬೇರೆ ಸ್ಕೇಲ್‌ನಿಂದ ತಂದ ಸಾಲದ ಕಾರ್ಡೂ ಇಲ್ಲ, ಏನೂ ಇಲ್ಲ.

ಇದೇ ಜಗಳದಲ್ಲಿ ನಮ್ಮ ಬ್ಯಾಂಡ್ ಒಡೆಯುವುದರಲ್ಲಿತ್ತು. ಹಾಡು ಎಲ್ಲಿ ನಿಲ್ಲಿಸಬೇಕು ಅಂತ. ನಾನು ಡ್ರಮ್ಮರ್, ಡಿ ಮೇಲೆ ನಿಲ್ಲಿಸಿ ಅಂದೆ. ಹಾಡುವವಳು ಎ ಅಂದಳು. 5 ಶೋ ಡಿಯಲ್ಲಿ ನಿಲ್ಲಿಸಿದೆವು. ಐದರಲ್ಲೂ ಜನ ಚಪ್ಪಾಳೆ ತಟ್ಟಲು ಅರೆ ಕ್ಷಣ ತಡ ಮಾಡಿದರು, ಇನ್ನೂ ಏನೋ ಇದೆ ಅಂತ ಕಾದ ಹಾಗೆ. ಆರನೇ ಶೋಗೆ ಎ ಮೇಲೆ ನಿಲ್ಲಿಸಿದೆವು, ಚಪ್ಪಾಳೆ ತಕ್ಷಣ ಬಂತು. ಸೋತೆ, ಒಪ್ಪಿಕೊಂಡೆ. ಆದರೂ ನೀವು ಒಮ್ಮೆ ಪರೀಕ್ಷೆ ಮಾಡಿ. ಎಲ್ಲರೂ ಡಿ ಮೇಲೆ ನಿಂತುಬಿಡಿ, ಮನೆ ಬಂತು ಅನ್ನಿಸುತ್ತಾ ನೋಡಿ.

ಹಳೇಆಂಪ್: ಮೊದಲ ಬಾರೂ ಎ, ಕೊನೆಯ ಬಾರೂ ಎ, ಕೋರಸ್‌ನಲ್ಲಿ ಇ ಮೇಜರ್ ಬಂದು ಎಗೇ ಇಳಿಯುತ್ತೆ. ಇನ್ನೇನು ಸಾಕ್ಷಿ ಬೇಕು? ಇ ಮೇಜರ್‌ನ ಜಿ ಶಾರ್ಪ್ ಡಿ ಮೇಜರ್‌ನಲ್ಲಿ ಎಲ್ಲಿದೆ?

ನಾಲ್ಕನೇಬೀಟ್: ಅದು ಕೋರಸ್ ಮಾತು. ನಾನು ವರ್ಸ್ ಬಗ್ಗೆ ಹೇಳಿದ್ದು. ಓದಿ ಉತ್ತರ ಕೊಡಿ.

ಸರಿಗಮಪ: ನಾನು ಹಾಡುಗಾರ್ತಿ, ಕೀಬೋರ್ಡ್ ಅಷ್ಟಕ್ಕಷ್ಟೇ. ನನಗೆ ಇದು ಶಂಕರಾಭರಣ ಬಿಟ್ಟು ಹರಿಕಾಂಭೋಜಿ ಹಿಡಿದ ಹಾಗೆ, ನಿಷಾದ ಒಂದು ಮಾತ್ರ ಇಳಿಯಿತು. ಎಲ್ಲ ಸಾಲದ ಕಾರ್ಡಿಗೂ ಇಷ್ಟೇ ಅಂದುಕೊಂಡು ಒಂದು ಹಾಡಿಗೆ ಹಾರ್ಮನಿ ಬರೆದೆ. ಆ ಹಾಡಿನ ಕೊನೆ ಎಫ್, ಜಿ, ಎ. ಇಬ್ಬರು ಹಾರ್ಮನಿ ಹಾಡುವವರಿಗೆ 4 ಸಂಜೆ ಕಲಿಸಿದೆ. ಜಿ ಮೇಲೆ ಸೊಗಸಾಗಿತ್ತು. ಎಫ್ ಮೇಲೆ ಇಬ್ಬರೂ ಸಿ ಶಾರ್ಪ್ ಹಾಡಿದರು, ಕಾರ್ಡಿನಲ್ಲಿ ಇರುವುದು ಎಫ್, ಎ, ಸಿ. ಕಿವಿ ಮುಚ್ಚಿಕೊಳ್ಳಬೇಕಾಯಿತು. ಎಫ್ ಬಂದಿರುವುದು ಮೈನರ್‌ನಿಂದ, ಅಲ್ಲಿ ಎಫ್, ಸಿ ಎರಡೂ ಇಳಿಯಬೇಕು. ನಾಲ್ಕೂ ಸಂಜೆ ಮತ್ತೆ ಮೊದಲಿನಿಂದ.

ತುಕ್ಕುತಂತಿ: ನೋಡಿದ್ರಾ! ನಾನು ಮೊದಲೇ ಮೈನರ್ ಅಂದೆ.

ಸರಿಗಮಪ: ನೀವು ಹೇಳಿದ್ದು ಎ ಮೇಲೂ ಮೈನರ್. ನಾನು ಹೇಳುತ್ತಿರುವುದು ಎಫ್ ಇರುವ ಆ ಬಾರ್ ಮಾತ್ರ. ಎರಡೂ ಒಂದಾ?

ತುಕ್ಕುತಂತಿ: ಶಂಕರಾಭರಣದಲ್ಲಿ ಡಿಸ್ಟೋರ್ಷನ್ ಪೆಡಲ್ ಯಾವಾಗ ಬಂತಮ್ಮ?

ಸರಿಗಮಪ: ಅಮ್ಮ ಗಿಮ್ಮ ಬೇಡ. ಮಾತಿಗೆ ಉತ್ತರ ಇಲ್ಲದಿದ್ದರೆ ಸುಮ್ಮನಿರಿ.

ಮಂದ್ರಬೇಸ್: ಇಬ್ಬರೂ ಸಾಕು ಮಾಡಿ. ಹೊಸಬೆರಳು, ಇನ್ನೊಂದು ಹೇಳಲು ಮರೆತೆ. ಜಿಯಿಂದ ಡಿ, ಡಿಯಿಂದ ಎ, ಎರಡು ಸಲವೂ ನಾಲ್ಕು ಸ್ವರ ಕೆಳಕ್ಕೆ ಇಳಿಯುತ್ತೆ. ಜಿ ಮತ್ತು ಡಿ ಕಾರ್ಡಿಗೆ ಡಿ ಸ್ವರ ಸಮಾನ, ಡಿ ಮತ್ತು ಎ ಕಾರ್ಡಿಗೆ ಎ ಸ್ವರ ಸಮಾನ. ಒಂದು ಸ್ವರ ಕೈ ಹಿಡಿದು ಮುಂದಿನದಕ್ಕೆ ದಾಟಿಸುತ್ತೆ, ಅದಕ್ಕೇ ಸಾಲದ ಕಾರ್ಡ್ ಅಂತ ಕೇಳುವವರಿಗೆ ಗೊತ್ತೇ ಆಗಲ್ಲ. ಬೀಟಲ್ಸ್‌ನ 1968ರ ಹೇ ಜೂಡ್ ಕೊನೆಯಲ್ಲಿ ಸುತ್ತುತ್ತಲೇ ಇರುವುದೂ ಇದೇ. ಎಫ್, ಇ ಫ್ಲ್ಯಾಟ್, ಬಿ ಫ್ಲ್ಯಾಟ್, ಎಫ್. ಸೋಲೋದಲ್ಲಿ ಆ ಡಿ, ಎ ಸ್ವರಗಳನ್ನು ಬಾರ್ ಗೆರೆ ದಾಟಿಸಿ ಹಿಡಿದು ನೋಡಿ. ನನಗೆ ಸ್ಕೇಲ್‌ಗಿಂತ ಅದರಿಂದಲೇ ಜಾಸ್ತಿ ಲಾಭ ಆಯಿತು.

ಹೊಸಬೆರಳು: ಎಲ್ಲರಿಗೂ ಥ್ಯಾಂಕ್ಸ್, ಜಗಳಕ್ಕೂ. ನಿನ್ನೆ ಲೂಪರ್‌ನಲ್ಲಿ ವರ್ಸ್ ಹಾಕಿ 60ಕ್ಕೆ ನಿಧಾನ ಮಾಡಿದೆ. ಎರಡನೇ ತಂತಿಯಲ್ಲಿ 9ನೇ ಫ್ರೆಟ್ ನುಡಿಸಿ, ಜಿ ಬಂದ ಮೊದಲ ಬೀಟ್‌ಗೆ 8ಕ್ಕೆ ಇಳಿದೆ. ಇಷ್ಟು ದಿನ ಕೊರೆಯುತ್ತಿದ್ದದ್ದು ನಿಂತುಹೋಯಿತು. ಎ ಮೇಲೆ ನಿಲ್ಲಿಸಿಯೂ ನೋಡಿದೆ, ಡಿ ಮೇಲೂ ನಿಲ್ಲಿಸಿದೆ. ಎ ಮೇಲೆಯೇ ಮುಗಿಯಿತು ಅನ್ನಿಸುತ್ತೆ. ಈಗ ಒಂದು ಹೊಸ ಗೊಂದಲ. ಮೂರನೇ ಬಾರ್, ಡಿ ಕಾರ್ಡ್. ಅದರೊಳಗೆ ಜಿಯೂ ಇಲ್ಲ, ಜಿ ಶಾರ್ಪೂ ಇಲ್ಲ. ಅಲ್ಲಿ ಯಾವುದು?

ಹಳೇಆಂಪ್: ಸಾದಾ ಜಿ. ಹಿಂದಿನ ಬಾರಿನಲ್ಲಿ ಕಿವಿಗೆ ಜಿ ಕೇಳಿಸಿ ಆಗಿದೆ. ತಕ್ಷಣ ಶಾರ್ಪ್ ಮಾಡಿದರೆ ಯಾರೋ ಹಾಡು ಬದಲಿಸಿದ ಹಾಗಿರುತ್ತೆ. ನಾಲ್ಕನೇ ಬಾರ್, ಎ ಬಂದ ಮೇಲೆ ಶಾರ್ಪ್‌ಗೆ ಹೋಗಿ.

ಸರಿಗಮಪ: ನಾನಂತೂ ಜಿ ಶಾರ್ಪ್ ಹಾಡುತ್ತೇನೆ. ಡಿ ಮೇಲೆ ಅದು ತೇಲುವ ಹಾಗೆ ಕೇಳುತ್ತೆ, ಮುಂದಿನ ಬಾರಿನಲ್ಲಿ ಎಗೆ ಏರಿದಾಗ ಎಷ್ಟು ಹಿತವಾಗಿರುತ್ತೆ ಗೊತ್ತಾ. ಎಳೆದು ಹಿಡಿಯಬಾರದು, ಅಷ್ಟೇ.

ಹಳೇಆಂಪ್: ರಾಕ್‌ನಲ್ಲಿ ತೇಲಿಸುವುದು ಬೇಡ.

ನಾಲ್ಕನೇಬೀಟ್: ಡಿ ಮೇಜರ್ ಅಂದಿದ್ದರೆ ಈ ಪ್ರಶ್ನೆಯೇ ಇರುತ್ತಿರಲಿಲ್ಲ. ಸಾದಾ ಜಿ.

ಮಂದ್ರಬೇಸ್: ಸೋತೆ ಅಂದ್ರಲ್ಲ ಮಾರಾಯ್ರೇ, ಮತ್ತೆ ಶುರುವಾ?

ಶಾಂತಿಪ್ರಿಯ: ಈಗ ತಾನೇ ಎ ಸೆವೆನ್ ಬಿಟ್ಟು ಜಿ ಹಿಡಿದು ನೋಡಿದೆ. ಓಹೋ, ಇದಾ! ಇದು ನನಗೆ ಮೊದಲೇ ಬರುತ್ತಿತ್ತಲ್ಲ.