ಪದಚರ್ಚೆ: ‘ಬಂಧಕ’ ಬೇಡ, ಹಾಗಾದರೆ ಏನು? (ಸಂಜೆಯೊಳಗೆ ಬೇಕು)

ಎಂ.ಎಲ್.

ಎಲ್ಲರಿಗೂ ನಮಸ್ಕಾರ. ಸಂಧಿವಾತದಿಂದ ಬೆರಳು ಬಿಗಿದ ಹಿರಿಯರಿಗೆಂದು ಹೊಲಿದ ಬಟ್ಟೆಗಳ ಜೊತೆ ಇಡುವ ಚಿಕ್ಕ ಕೈಪಿಡಿಯೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಸಂಜೆ ಮುದ್ರಣಕ್ಕೆ ಹೋಗುತ್ತದೆ. ಎರಡು ಕಡೆ ಸಿಕ್ಕಿಬಿದ್ದಿದ್ದೇನೆ.

ಮೊದಲನೆಯದು, ‘ಫಾಸ್ನರ್’. ಗುಂಡಿ, ಜಿಪ್ಪು, ಕೊಕ್ಕೆ, ಲಾಡಿ, ಆಯಸ್ಕಾಂತದ ಗುಂಡಿ ಎಲ್ಲಕ್ಕೂ ಸೇರಿ ಒಂದೇ ಮಾತು ಬೇಕು. ನಿಘಂಟು ನೋಡಿ ‘ಬಂಧಕ’ ಎಂದು ಬರೆದಿದ್ದೆ. ಕರಡು ಓದಿದ ಆರೈಕೆದಾರರೊಬ್ಬರು, ‘ಬಂಧಕವಿರುವ ಅಂಗಿ ಅಂದರೆ ರೋಗಿಯನ್ನು ಕಟ್ಟಿಹಾಕುವುದಾ?’ ಎಂದು ಕೇಳಿದರು. ಅದನ್ನು ಬಿಟ್ಟೆ.

ಎರಡನೆಯದು, ವೆಲ್ಕ್ರೊ. ಅದು ನೋಂದಾಯಿತ ವ್ಯಾಪಾರದ ಹೆಸರಾದ್ದರಿಂದ ಅಚ್ಚಿನಲ್ಲಿ ಬೇಡ ಎಂದಿದ್ದಾರೆ. ಮೂಲದಲ್ಲಿ ‘ಹುಕ್’ ಕಡೆ, ‘ಲೂಪ್’ ಕಡೆ ಎಂದು ಬೇರೆಬೇರೆ ಹೇಳುತ್ತಾರೆ. ಯಾವ ಕಡೆ ಎನ್ನುವುದು ಒಗೆಯುವಾಗಲೂ ತೊಡುವಾಗಲೂ ಮುಖ್ಯ, ಹಾಗಾಗಿ ಎರಡಕ್ಕೂ ಹೆಸರು ಬೇಕೇ ಬೇಕು. ಓದುವವರು ಎಂಬತ್ತರ ಆಸುಪಾಸಿನವರು ಅಥವಾ ಅವರ ಮಕ್ಕಳು.

ಎಸ್.ಆರ್.

‘ಬಂಧಕ’ ಸಂಸ್ಕೃತದ ಅನಗತ್ಯ ಹೊರೆ, ಬಿಟ್ಟಿದ್ದು ಸರಿಯಾಯಿತು. ‘ಬಿಗಿ’ ನಮ್ಮದೇ ಧಾತು, ಅದರಿಂದ ‘ಬಿಗಿಕೆ’. ತೊಡು-ತೊಡಿಕೆ, ಹೆಣೆ-ಹೆಣಿಕೆ ಇದ್ದ ಹಾಗೆ. ವೆಲ್ಕ್ರೊಗೆ ‘ಅಂಟುಪಟ್ಟಿ’. ಉತ್ತರಾಣಿ ಬೀಜ ಬಟ್ಟೆಗೆ ಅಂಟುತ್ತದೆ ಎಂದೇ ನಾವು ಹೇಳುವುದು. ವೆಲ್ಕ್ರೊ ಹುಟ್ಟಿದ್ದೂ ಅಂಥದ್ದರಿಂದಲೇ: 1941ರಲ್ಲಿ ಸ್ವಿಟ್ಜರ್ಲೆಂಡಿನ ಜಾರ್ಜ್ ಡಿ ಮೆಸ್ಟ್ರಾಲ್ ತನ್ನ ನಾಯಿಯ ಕೂದಲಿಗೆ ಹತ್ತಿದ ಮುಳ್ಳುಕಾಯಿಯನ್ನು ಸೂಕ್ಷ್ಮದರ್ಶಕದಡಿ ಇಟ್ಟು ನೋಡಿದ. ಹೆಸರೂ ಏನು ದೊಡ್ಡದಲ್ಲ, ಫ್ರೆಂಚಿನ ಮಖಮಲ್ಲು ಮತ್ತು ಕೊಕ್ಕೆ ಎಂಬೆರಡು ಪದಗಳ ತುಂಡು ಸೇರಿಸಿದ್ದು. ಅವರು ತಮ್ಮ ನುಡಿಯಲ್ಲಿ ಕಟ್ಟಿಕೊಂಡರು, ನಾವು ಏಕೆ ಕಟ್ಟಬಾರದು? ಎರಡು ಕಡೆಗೆ ‘ಕೊಕ್ಕೆಪಟ್ಟಿ’, ‘ಕುಣಿಕೆಪಟ್ಟಿ’. ಮುಗಿಯಿತು.

ಕೆ.ವಿ.

ಮುಗಿಯಲಿಲ್ಲ ಎಸ್.ಆರ್. ಅವರೇ. ಇಂಥ ಬಟ್ಟೆ ಹೊಲಿಯುವುದೇ ನನ್ನ ಕೆಲಸ. ‘ಕೊಕ್ಕೆಪಟ್ಟಿ’ ಎಂದರೆ ರವಿಕೆಗೆ ಹಾಕುವ ತಂತಿಕೊಕ್ಕೆಯ ಪಟ್ಟಿ ಎಂದೇ ಹೊಲಿಗೆಯವರಿಗೆ ಅರ್ಥ. ಬೆರಳು ಬಿಗಿದವರಿಗೆ ಎಲ್ಲಕ್ಕಿಂತ ಕಷ್ಟವಾದದ್ದೇ ಆ ತಂತಿಕೊಕ್ಕೆ. ‘ಅಂಟುಪಟ್ಟಿ’ ಎಂದರೆ ಗೋಂದಿನ ಟೇಪು ಎಂದುಕೊಳ್ಳುತ್ತಾರೆ. ಹಾಗೆ ಅಚ್ಚು ಹಾಕಿದ ಚೀಟಿ ಓದಿ, ಮೇಲಿನ ಕಾಗದ ಎಲ್ಲಿ ಸುಲಿಯಬೇಕು ಎಂದು ಅಜ್ಜಿಯೊಬ್ಬರು ಉಗುರಿನಿಂದ ಪಟ್ಟಿಯ ಅಂಚನ್ನೇ ಕೆರೆದು ಹೊಲಿಗೆ ಬಿಚ್ಚಿದ್ದನ್ನು ನಾನು ಕಂಡಿದ್ದೇನೆ.

ನಾವು ಆಡುವುದು ‘ಒರಟು ಕಡೆ’, ‘ಮೆತ್ತನೆ ಕಡೆ’. ಮುಟ್ಟಿದರೆ ಗೊತ್ತಾಗುತ್ತದೆ. ಕಣ್ಣು ಮಂಜಾದವರಿಗೂ ಅದೇ ಗುರುತು.

ಈ ಎರಡರಲ್ಲಿ ಯಾವುದು ಎಲ್ಲಿ ಎಂದು ಕೈಪಿಡಿ ಸ್ಪಷ್ಟವಾಗಿ ಹೇಳಲಿ. ಗುಂಡಿಯ ಅಂಗಿಯನ್ನು ಮಾರ್ಪಡಿಸುವ ಕ್ರಮ ಇದು: ಗುಂಡಿಗಳನ್ನು ಬಿಚ್ಚಿ, ಕಾಜಾಗಳನ್ನು ಹೊಲಿದು ಮುಚ್ಚಿ, ಅದೇ ಗುಂಡಿಗಳನ್ನು ಮುಚ್ಚಿದ ಕಾಜಾದ ಮೇಲೆ ಹೊಲಿಯುತ್ತೇವೆ. ಹೊರಗಿನಿಂದ ನೋಡಿದರೆ ಎಲ್ಲರ ಅಂಗಿಯ ಹಾಗೆಯೇ ಕಾಣುತ್ತದೆ. ಹಿರಿಯರಿಗೆ ಅದು ಬಹಳ ಬೇಕು. ಒಳಗೆ, ಮೇಲೆ ಬರುವ ಪಟ್ಟಿಯ ಅಡಿಗೆ ಮೆತ್ತನೆಯದು. ಕೆಳಗೆ ಉಳಿಯುವ ಪಟ್ಟಿಯ ಮೇಲೆ, ಹೊರಮುಖವಾಗಿ, ಒರಟಿನದು. ಅದಲುಬದಲಾದರೆ ಅಂಗಿ ತೆರೆದಾಗ ಒರಟು ಕಡೆ ಎದೆಗೆ ತಾಗುತ್ತದೆ. ವಯಸ್ಸಾದವರ ಚರ್ಮ ತೆಳು, ಕೆರೆದರೆ ಗಾಯವೇ ಆಗುತ್ತದೆ.

ಉದ್ದಕ್ಕೂ ಒಂದೇ ಪಟ್ಟಿ ಹೊಲಿಯಬಾರದು. ಅದನ್ನು ಕೀಳಲು ಬಲ ಬೇಕು, ಎರಡು ಅಂಚೂ ನೇರ ಕೂರುವುದಿಲ್ಲ, ಅಂಗಿ ಸೊಟ್ಟಗಾಗುತ್ತದೆ. ಗುಂಡಿಯಿದ್ದ ಜಾಗದಲ್ಲಿ 2 ಸೆಂ.ಮೀ. ಚೌಕದ ತುಂಡು ಸಾಕು. ಈ ಪಟ್ಟಿಯ ಗುಣ ಏನೆಂದರೆ, ಪಕ್ಕಕ್ಕೆ ಜಗ್ಗಿದರೆ ಬಿಡುವುದಿಲ್ಲ, ಅಂಚಿನಿಂದ ಎತ್ತಿದರೆ ಸಲೀಸಾಗಿ ಬರುತ್ತದೆ. ಹಾಗಾಗಿ ಮೇಲಿನ ಪಟ್ಟಿಯ ಅಂಚು ತುಂಡಿನಾಚೆಗೆ ಒಂದಿಷ್ಟು ಚಾಚಿರಬೇಕು. ಬೆರಳ ತುದಿ ಬೇಡ, ಮುಷ್ಟಿಯಲ್ಲೇ ಹಿಡಿದು ಎತ್ತಬಹುದು.

ಬಿ.ಎನ್.

ನಮ್ಮ ಅಮ್ಮನಿಗೂ ಇದೇ ತೊಂದರೆ. ಬೆಳಿಗ್ಗೆ ಎದ್ದಾಗ ಬೆರಳು ಮಡಚಲು ಬರುವುದೇ ಇಲ್ಲ. ಯಾವ ಬಟ್ಟೆ ಒಳ್ಳೆಯದು ಎಂದು ಕೇಳಿದ್ದೀರಿ ಅಲ್ಲವೇ? ನನ್ನ ಪ್ರಕಾರ ಟಿಚ್ ಬಟನ್ನೇ ಸರಿ. ಕಾಜಾಕ್ಕೆ ತೂರಿಸುವ ಗೋಜಿಲ್ಲ, ಒತ್ತಿದರೆ ಆಯಿತು. ಅಥವಾ ಆಯಸ್ಕಾಂತದ ಗುಂಡಿ, ಅದಕ್ಕೆ ಒತ್ತುವುದೂ ಬೇಡ. ಅಮ್ಮನಿಗೆ ಅದನ್ನೇ ಹೊಲಿಸಬೇಕೆಂದಿದ್ದೇನೆ, ಹೋದ ವರ್ಷ ಪೇಸ್‌ಮೇಕರ್ ಹಾಕಿಸಿದ ಮೇಲೆ ತೋಳು ಎತ್ತಲೂ ಹೆದರುತ್ತಾರೆ.

ಜೆ.ಪಿ.

ಬಿ.ಎನ್. ಅವರೇ, ದಯವಿಟ್ಟು ಆಯಸ್ಕಾಂತ ಹೊಲಿಸಬೇಡಿ. ಪೇಸ್‌ಮೇಕರ್‌ನಿಂದ ಆಯಸ್ಕಾಂತ ಕನಿಷ್ಠ 15 ಸೆಂ.ಮೀ. ದೂರ ಇರಬೇಕು. ಪೇಸ್‌ಮೇಕರ್ ಕೂರಿಸುವುದು ಸಾಮಾನ್ಯವಾಗಿ ಕೊರಳೆಲುಬಿನ ಕೆಳಗೆ, ಅಂಗಿಯ ಮುಂಭಾಗದ ಗುಂಡಿಸಾಲು ಅಲ್ಲಿಂದ ಅಷ್ಟು ದೂರ ಇರುವುದಿಲ್ಲ. ಆಯಸ್ಕಾಂತ ಹತ್ತಿರವಾದರೆ ಪೇಸ್‌ಮೇಕರ್‌ನ ಕೆಲಸದ ರೀತಿಯೇ ಬದಲಾಗಬಹುದು. ಅಮ್ಮನ ವೈದ್ಯರನ್ನು ಕೇಳಿ.

ಕೈಯ ಪುನಶ್ಚೇತನದ ಕೆಲಸದಲ್ಲಿರುವವಳಾಗಿ ಟಿಚ್ ಬಟನ್ ಬಗ್ಗೆಯೂ ಒಂದು ಮಾತು. ಹೆಬ್ಬೆರಳ ಬುಡದ ಕೀಲು ಸವೆದವರಿಗೆ ಚಿವುಟುವುದೂ ಒತ್ತುವುದೂ ಎರಡೂ ನೋವು. ಟಿಚ್ ಬಟನ್ ಹಾಕಲು ಹೆಬ್ಬೆರಳಿನಿಂದಲೇ ಒತ್ತಬೇಕು, ಬಿಚ್ಚಲು ಎರಡೂ ಕಡೆ ಚಿವುಟಿ ಎಳೆಯಬೇಕು. ಬೆರಳು ಬಿಗಿದಿದ್ದರೂ ಹೆಬ್ಬೆರಳು ಗಟ್ಟಿ ಇರುವವರಿಗೆ ನೀವು ಹೇಳಿದ್ದು ಸರಿಹೋಗುತ್ತದೆ. ಅಮ್ಮ ಬೀಗದಲ್ಲಿ ಚಾವಿ ತಿರುಗಿಸುವಾಗ ಹೆಬ್ಬೆರಳ ಬುಡ ಹಿಡಿದುಕೊಳ್ಳುತ್ತಾರೆಯೇ ನೋಡಿ. ಹಾಗಿದ್ದರೆ ಟಿಚ್ ಬಟನ್ ಬೇಡ. ಪರೀಕ್ಷೆಯನ್ನು ಬೆಳಿಗ್ಗೆಯೇ ಮಾಡಿ. ಮಧ್ಯಾಹ್ನ ಕೈ ಸಡಿಲವಾದ ಮೇಲೆ ಎಲ್ಲವೂ ಸುಲಭ ಅನ್ನಿಸುತ್ತದೆ, ಬಟ್ಟೆ ಹಾಕುವುದು ಮಾತ್ರ ಬೆಳಿಗ್ಗೆ.

ಪದದ ವಿಷಯಕ್ಕೆ ಬಂದರೆ ‘ಬಿಗಿಕೆ’ಗೆ ನನ್ನ ತೀವ್ರ ವಿರೋಧವಿದೆ. ನನ್ನ ರೋಗಿಗಳು ತಮ್ಮ ಕಾಯಿಲೆಯನ್ನು ಹೇಳುವುದೇ ‘ಕೈ ಬಿಗಿ’ ಎಂದು. ‘ಸುಲಭ ಬಿಗಿಕೆಯ ಅಂಗಿ’ ಎಂದು ಓದಿದರೆ ಅವರು ಏನೆಂದುಕೊಳ್ಳಬೇಕು?

ಎಸ್.ಆರ್.

ರೋಗಿಗಳನ್ನು ಕೇಳಿ ಪದ ಕಟ್ಟುವುದಿಲ್ಲ. ಬಳಸಿದರೆ ಬಳಕೆಯಾಗುತ್ತದೆ. ‘ಟಿಚ್ ಬಟನ್’ ಎಂಬ ಕಲಬೆರಕೆಯನ್ನು ಈ ಚರ್ಚೆಯಲ್ಲಿ ಯಾರೂ ತಡೆಯದಿರುವುದು ಬೇಸರದ ಸಂಗತಿ. ‘ಒತ್ತುಗುಂಡಿ’ ಇದೆ.

ಟಿ.ಡಿ.

‘ಒತ್ತುಗುಂಡಿ’ ಒಳ್ಳೆಯದೇ, ಒಪ್ಪಿದೆ. ಆದರೆ ಕಲಬೆರಕೆ ಎಂದು ಬೈಯುವ ಮುನ್ನ ಹೊಲಿಗೆಯ ಪೆಟ್ಟಿಗೆ ತೆರೆದು ನೋಡಿ. ಕೆ.ವಿ. ಅವರು ಬರೆದ ‘ಕಾಜಾ’ ಪೋರ್ಚುಗೀಸಿನ ‘ಕಾಜ಼’. ಅವರ ನುಡಿಯಲ್ಲಿ ಅದಕ್ಕೆ ಮನೆ ಎಂದೂ ಅರ್ಥ, ಗುಂಡಿ ತೂರುವ ಕಿಂಡಿ ಎಂದೂ ಅರ್ಥ. ಗುಂಡಿಗೆ ಒಂದು ಮನೆ, ಎಷ್ಟು ಚೆನ್ನಾಗಿದೆ! ತಮಿಳರ ‘ಪೊತ್ತಾನ್’ ಕೂಡ ಅಲ್ಲಿಂದಲೇ ಬಂದದ್ದು. ಜೆ.ಪಿ. ಅವರು ಬರೆದ ‘ಚಾವಿ’ಯೂ ಪೋರ್ಚುಗೀಸೇ. ಈ ಪದಗಳು ವಸ್ತುವಿನ ಜೊತೆಗೇ ಬಂದವು, ಯಾರೂ ತಡೆಯಲಿಲ್ಲ, ಕನ್ನಡ ಬಡವಾಗಲಿಲ್ಲ. ಹಾಗಿರುವಾಗ ‘ವೆಲ್ಕ್ರೊ’ ಮಾತ್ರ ಏಕೆ ಅಸ್ಪೃಶ್ಯ?

ಎಸ್.ಆರ್.

ನಾಲ್ಕು ಶತಮಾನ ಹಳೆಯ ಎರವಲನ್ನು ತೋರಿಸಿ ಇವತ್ತಿನ ಸೋಮಾರಿತನಕ್ಕೆ ಸಮರ್ಥನೆ ಕೊಡಬೇಡಿ. ‘ಗುಂಡಿ’ ಇದ್ದುದರಿಂದ ‘ಪೊತ್ತಾನ್’ ನಮ್ಮಲ್ಲಿ ನಿಲ್ಲಲಿಲ್ಲ. ಪದವಿದ್ದರೆ ಎರವಲಿಗೆ ಜಾಗವಿಲ್ಲ ಎಂಬುದಕ್ಕೆ ಅದೇ ಸಾಕ್ಷಿ.

ಟಿ.ಡಿ.

ನಿಮ್ಮ ಸಾಕ್ಷಿ ನಿಲ್ಲುವುದಿಲ್ಲ. ‘ಗುಂಡಿ’ ಇದ್ದೂ ‘ಬಟನ್’ ಬಂದು ಕೂತಿದೆ.

ಎಂ.ಎಲ್.

ದಯವಿಟ್ಟು, ನನಗೆ ಇನ್ನು ಎರಡೇ ಗಂಟೆ ಇದೆ. ಎರವಲಿನ ಚರ್ಚೆಯನ್ನು ಬೇರೆ ತಲೆಬರಹದಡಿ ಮುಂದುವರಿಸಿ. ಇನ್ನೊಂದು ಸಾಲಿನ ತೊಡಕು ಉಳಿದಿದೆ: ಗುಂಡಿ, ಜಿಪ್ಪು ಏನೂ ಇಲ್ಲದೆ ಸೊಂಟದ ತನಕ ಎಳೆದುಕೊಳ್ಳುವ ಪ್ಯಾಂಟು. ‘ಎಲಾಸ್ಟಿಕ್ ಪ್ಯಾಂಟು’ ಸಾಕೇ?

ಕೆ.ವಿ.

ಸಾಕು. ಎಲ್ಲರ ಬಾಯಲ್ಲೂ ಅದೇ ಇದೆ. ಹೆಸರಿಗಿಂತ ಸೊಂಟಪಟ್ಟಿಯ ಅಗಲ ಬರೆಯಿರಿ. ಎಲಾಸ್ಟಿಕ್ 2.5ರಿಂದ 3 ಸೆಂ.ಮೀ. ಇದ್ದರೆ ಒತ್ತಡ ಹರಡುತ್ತದೆ. ದಾರದಂಥ ಸಪೂರ ಎಲಾಸ್ಟಿಕ್ ಹೊಟ್ಟೆಯ ಮೇಲೆ ಕೆಂಪು ಬರೆ ಮೂಡಿಸುತ್ತದೆ. ಬಿಗಿ ಹೆಚ್ಚಾಗಿದೆ ಎಂದು ಇನ್ನೊಂದು ರೀತಿಯಲ್ಲೂ ತಿಳಿಯುತ್ತದೆ. ಸೊಂಟಕ್ಕೆ ಸರಿಯಾಗಿದ್ದರೂ ಪೃಷ್ಠ ದಾಟಿಸಲು ಎರಡೂ ಕೈಯಲ್ಲಿ ಹಿಗ್ಗಿಸಬೇಕಾಗಿ ಬಂದರೆ ಆ ಪ್ಯಾಂಟು ಇವರಿಗೆ ಆಗುವುದಿಲ್ಲ. ನಾನು ಎರಡೂ ಪಕ್ಕದಲ್ಲಿ ಒಳಗಡೆ ಬಟ್ಟೆಯ ಪಟ್ಟಿಯನ್ನು ಬಳೆಯಂತೆ ಹೊಲಿದುಬಿಡುತ್ತೇನೆ, ಬೆರಳು ಮಡಚದಿದ್ದರೂ ಅಂಗೈ ತೂರಿಸಿ ಮೇಲೆಳೆಯಬಹುದು. ಅದನ್ನು ‘ಎಳೆಪಟ್ಟಿ’ ಎನ್ನುತ್ತೇನೆ. ಎಸ್.ಆರ್. ಅವರಿಗೆ ಆಕ್ಷೇಪ ಇರಲಾರದು.

ತುಂಬುತೋಳಿನ ಅಂಗಿಯ ಮುಂಗೈ ಗುಂಡಿಯನ್ನು ಎಲಾಸ್ಟಿಕ್ ದಾರದಲ್ಲಿ ಹೊಲಿದರೆ ಹಾಕಿಟ್ಟ ಹಾಗೆಯೇ ಕೈ ತೂರುತ್ತದೆ, ಮತ್ತೆ ಬಿಚ್ಚುವ ಕೆಲಸವೇ ಇಲ್ಲ. ಇದಕ್ಕೆ ಹೆಸರೂ ಬೇಡ.

ಎಸ್.ಆರ್.

‘ಎಳೆಪಟ್ಟಿ’ ಸರಿ. ‘ಎಲಾಸ್ಟಿಕ್’ ಸರಿಯಲ್ಲ. ‘ಹಿಗ್ಗುಪಟ್ಟಿ’.

ಎಂ.ಎಲ್.

ಹೀಗೆ ಕಳಿಸುತ್ತಿದ್ದೇನೆ. ‘ಫಾಸ್ನರ್’ಗೆ ಒಂದೇ ಪದ ಕೊಡುವುದನ್ನು ಕೈಬಿಟ್ಟೆ, ಶೀರ್ಷಿಕೆ ‘ಸುಲಭವಾಗಿ ಹಾಕಿ ಬಿಚ್ಚುವ ಅಂಗಿ’, ಒಳಗೆ ಆಯಾ ವಸ್ತುವಿನ ಹೆಸರು. ‘ಒತ್ತುಗುಂಡಿ’, ‘ಎಳೆಪಟ್ಟಿ’ ಸೇರಿವೆ. ‘ಎಲಾಸ್ಟಿಕ್’ ಹಾಗೇ ಉಳಿಯಿತು. ವೆಲ್ಕ್ರೊಗೆ ‘ಹಿಡಿಪಟ್ಟಿ’ ಎಂದು ಬರೆದು, ಮೊದಲ ಬಾರಿ ಬಂದಲ್ಲಿ ಚಿತ್ರ ಇಟ್ಟಿದ್ದೇನೆ. ಸಾಲು ಹೀಗಿದೆ: ‘ಒಗೆಯುವ ಮೊದಲು ಹಿಡಿಪಟ್ಟಿಗಳನ್ನು ಬಿಚ್ಚಿಡಿ. ಒರಟು ಕಡೆ ಹೊರಕ್ಕೆ ಇರಲಿ.’

ಕೆ.ವಿ.

ನಿಲ್ಲಿ, ಕಳಿಸಬೇಡಿ. ಅದು ತಿರುಗುಮುರುಗಾಗಿದೆ. ಒಗೆಯುವ ಮೊದಲು *ಹಾಕಿಡಬೇಕು*. ಬಿಚ್ಚಿಟ್ಟರೆ ಒರಟು ಕಡೆ ಜೊತೆಯ ಮೆತ್ತನೆ ಹೆಣಿಗೆಬಟ್ಟೆಗೆಲ್ಲ ಸಿಕ್ಕಿಕೊಂಡು ಎಳೆ ಕೀಳುತ್ತದೆ, ತನ್ನೊಳಗೆ ನೂಲಿನ ತುಪ್ಪಟ ತುಂಬಿಕೊಂಡು ಹಿಡಿತವನ್ನೂ ಕಳೆದುಕೊಳ್ಳುತ್ತದೆ. ತುಂಬಿದ್ದರೆ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಬಿಡಿಸಬೇಕು ಎಂದು ಸೇರಿಸಿ. ಬಿಸಿ ಇಸ್ತ್ರಿ ಪಟ್ಟಿಯ ಮೇಲೆ ಬೇಡ, ನೈಲಾನು ಕರಗುತ್ತದೆ.

‘ಹಿಡಿಪಟ್ಟಿ’ ನನಗೆ ಒಪ್ಪಿಗೆ, ಆದರೆ ಗಿರಾಕಿಗಳು ಒಪ್ಪುತ್ತಾರೋ ಕಾದು ನೋಡಬೇಕು.

ಎಂ.ಎಲ್.

ತಿದ್ದಿದೆ: ‘ಒಗೆಯುವ ಮೊದಲು ಹಿಡಿಪಟ್ಟಿಗಳನ್ನು ಹಾಕಿಡಿ.’ ಬ್ರಷ್ಷು, ಇಸ್ತ್ರಿಯ ಸಾಲುಗಳೂ ಸೇರಿವೆ. ಕಳಿಸಿದೆ.

ಎಸ್.ಆರ್.

‘ಹಿಡಿಪಟ್ಟಿ’ಯಲ್ಲಿ ‘ಹಿಡಿ’ ಧಾತುವೋ ನಾಮಪದವೋ? ನಾಮಪದವಾದರೆ ಹಿಡಿಕೆಯ ಪಟ್ಟಿ ಎಂಬ ಅರ್ಥ ಬರುತ್ತದೆ. ಇದನ್ನು ನಾನು ಒಪ್ಪಿಲ್ಲ.